ಪಾಸಿಟಿವ್ ಬಂದ ನೂರರಲ್ಲಿ ಸೋಂಕು ಎಷ್ಟು ಜನಕ್ಕೆ? ಟೂ ಬೈ ಟೂ ಟೇಬಲ್ ಹಾಕಿ ನೋಡೋಣ

ಕಮ್ಯುನಿಟಿ ಮೆಡಿಸಿನ್ ಕ್ಲಾಸಿನಲ್ಲಿ ನಾನು ಪ್ರತಿ ವರ್ಷ ಒಂದು ಪ್ರಶ್ನೆ ಕೇಳುತ್ತೇನೆ. ಒಂದು ಎಚ್‌ಐವಿ ರ್‍ಯಾಪಿಡ್ ಕಿಟ್ ಇದೆ. ಅದರ ಸೆನ್ಸಿಟಿವಿಟಿ 99.5 ಪರ್ಸೆಂಟ್, ಸ್ಪೆಸಿಫಿಸಿಟಿ 98 ಪರ್ಸೆಂಟ್. ಯಾವ ತೊಂದರೆಯೂ ಇಲ್ಲದ ಒಬ್ಬ ಗರ್ಭಿಣಿ ತಪಾಸಣೆಗೆ ಬಂದಿದ್ದಾರೆ. ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಕಿಟ್‌ಗೆ ಹಾಕಿದರು. ಸ್ವಲ್ಪ ಹೊತ್ತಿಗೆ ಕಂಟ್ರೋಲ್ ಗೆರೆಯ ಜೊತೆಗೆ ಇನ್ನೊಂದು ಗೆರೆಯೂ ಮೂಡಿತು. ಅವರಿಗೆ ನಿಜಕ್ಕೂ ಸೋಂಕು ಇರುವ ಸಾಧ್ಯತೆ ಎಷ್ಟು?

ಹೆಚ್ಚಿನವರು 98 ಅನ್ನುತ್ತಾರೆ, ಕೆಲವರು 99.5 ಅನ್ನುತ್ತಾರೆ. ಲೆಕ್ಕ ಹಾಕಿದರೆ ಬರುವುದು ಸುಮಾರು 9 ಪರ್ಸೆಂಟ್. ಕಿಟ್ ಕೆಟ್ಟದ್ದೇನಲ್ಲ, ನಾವು ಎರಡು ಬೇರೆ ಪ್ರಶ್ನೆಗಳನ್ನು ಒಂದೇ ಅಂದುಕೊಂಡಿದ್ದೇವೆ ಅಷ್ಟೇ. ಟೇಬಲ್ ಹಾಕಿದರೆ ಅದು ಕಣ್ಣಿಗೇ ಕಾಣುತ್ತದೆ.

ಮೊದಲು ಮನೆಗಳನ್ನು ಎಳೆಯಿರಿ

ಮೇಲೆ, ಕಾಲಂಗಳಲ್ಲಿ, ನಿಜಸ್ಥಿತಿ: ಸೋಂಕು ಇದೆ, ಸೋಂಕು ಇಲ್ಲ. ಪಕ್ಕದಲ್ಲಿ, ಸಾಲುಗಳಲ್ಲಿ, ಟೆಸ್ಟ್ ಹೇಳಿದ್ದು: ಪಾಸಿಟಿವ್, ನೆಗೆಟಿವ್. ಯಾವಾಗಲೂ ಇದೇ ಕ್ರಮದಲ್ಲಿ ಎಳೆಯಿರಿ. ಪರೀಕ್ಷೆಯಲ್ಲಿ ಕೆಲವೊಮ್ಮೆ ಬೇಕೆಂದೇ ಟೇಬಲ್ ತಿರುಗಿಸಿ, ಟೆಸ್ಟ್ ಫಲಿತಾಂಶವನ್ನು ಮೇಲಿಟ್ಟು ಕೊಡುತ್ತಾರೆ. ಆಗ a, b, c, d ಎಂದು ಬಾಯಿಪಾಠ ಮಾಡಿದವರು ಎಡವುತ್ತಾರೆ. ಕೊಟ್ಟ ಟೇಬಲ್ ಹೇಗೇ ಇರಲಿ, ಪಕ್ಕದಲ್ಲಿ ನಿಮ್ಮ ಕ್ರಮದಲ್ಲಿ ಮತ್ತೊಮ್ಮೆ ಬರೆದುಕೊಳ್ಳಿ. ಅರ್ಧ ನಿಮಿಷದ ಕೆಲಸ.

| | ಸೋಂಕು ಇದೆ | ಸೋಂಕು ಇಲ್ಲ |
|---|---|---|
| ಪಾಸಿಟಿವ್ | a (ನಿಜ ಪಾಸಿಟಿವ್) | b (ಸುಳ್ಳು ಪಾಸಿಟಿವ್) |
| ನೆಗೆಟಿವ್ | c (ಸುಳ್ಳು ನೆಗೆಟಿವ್) | d (ನಿಜ ನೆಗೆಟಿವ್) |

ಹೊರಗಿನಿಂದ ಒಳಕ್ಕೆ ತುಂಬಿ

ಎಷ್ಟೋ ಹುಡುಗರು ಸೀದಾ a ಮನೆಗೆ ಕೈ ಹಾಕುತ್ತಾರೆ. ಅದು ಬೇಡ. ಮೊದಲು ಒಟ್ಟು ಜನ, ಆಮೇಲೆ ಎರಡು ಕಾಲಂಗಳ ಮೊತ್ತ, ಕೊನೆಗೆ ಒಳಗಿನ ನಾಲ್ಕು ಮನೆ.

ಒಟ್ಟು ಜನರನ್ನು ನಾವೇ ಆರಿಸಿಕೊಳ್ಳಬಹುದು. ಭಾಗಾಕಾರ ಸಲೀಸಾಗಲಿ ಎಂದು ಇಲ್ಲಿ 1,00,000 ಇಟ್ಟುಕೊಳ್ಳೋಣ. ಭಾರತದ ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ಸುಮಾರು 0.2 ಪರ್ಸೆಂಟ್ ಎಂಬುದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ, ಅಂದರೆ ನ್ಯಾಕೋದ ಅಂದಾಜು. ಹಾಗಾದರೆ ಲಕ್ಷಕ್ಕೆ 200 ಜನರಿಗೆ ಸೋಂಕು ಇದೆ, 99,800 ಜನರಿಗೆ ಇಲ್ಲ. ಕಾಲಂ ಮೊತ್ತ ಸಿಕ್ಕಿತು.

ಈಗ ಎಡ ಕಾಲಂ. ಸೋಂಕಿರುವ 200 ಜನರಲ್ಲಿ ಕಿಟ್ ಎಷ್ಟು ಜನರನ್ನು ಹಿಡಿಯುತ್ತದೆ? ಅದೇ ಸೆನ್ಸಿಟಿವಿಟಿ. 200ರ 99.5 ಪರ್ಸೆಂಟ್ ಎಂದರೆ 199. ಒಬ್ಬರು ತಪ್ಪಿಸಿಕೊಂಡರು.

ಬಲ ಕಾಲಂ. ಸೋಂಕಿಲ್ಲದ 99,800 ಜನರಲ್ಲಿ ಎಷ್ಟು ಜನರಿಗೆ ಕಿಟ್ ಸರಿಯಾಗಿ ‘ಇಲ್ಲ’ ಅನ್ನುತ್ತದೆ? ಅದೇ ಸ್ಪೆಸಿಫಿಸಿಟಿ. 98 ಪರ್ಸೆಂಟ್ ಎಂದರೆ 97,804. ಉಳಿದ 1,996 ಜನರಿಗೆ ಸೋಂಕಿಲ್ಲದಿದ್ದರೂ ಗೆರೆ ಮೂಡುತ್ತದೆ.

| | ಸೋಂಕು ಇದೆ | ಸೋಂಕು ಇಲ್ಲ | ಮೊತ್ತ |
|---|---|---|---|
| ಪಾಸಿಟಿವ್ | 199 | 1,996 | 2,195 |
| ನೆಗೆಟಿವ್ | 1 | 97,804 | 97,805 |
| ಮೊತ್ತ | 200 | 99,800 | 1,00,000 |

ಉದ್ದಕ್ಕೆ ಓದುವುದು ಬೇರೆ, ಅಡ್ಡಕ್ಕೆ ಓದುವುದು ಬೇರೆ

ಮೇಲಿನಿಂದ ಕೆಳಕ್ಕೆ, ಕಾಲಂ ಹಿಡಿದು ಓದಿದರೆ ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ಸಿಗುತ್ತವೆ. ಯಾರಿಗೆ ಸೋಂಕಿದೆ ಎಂದು ಮೊದಲೇ ಗೊತ್ತಿದೆ, ಕಿಟ್ ಎಷ್ಟು ಸರಿ ಹೇಳಿತು ಎಂದು ನೋಡುತ್ತಿದ್ದೇವೆ. ಇದು ಕಿಟ್ ತಯಾರಿಸಿದವರ ಪ್ರಶ್ನೆ.

ಆದರೆ ಒಪಿಡಿಯಲ್ಲಿ ಕೂತ ಡಾಕ್ಟರಿಗೆ ಸೋಂಕಿದೆಯೋ ಇಲ್ಲವೋ ಗೊತ್ತಿಲ್ಲ. ಅವರ ಕೈಯಲ್ಲಿ ಇರುವುದು ರಿಪೋರ್ಟ್ ಮಾತ್ರ. ಹಾಗಾಗಿ ಅವರು ಅಡ್ಡಕ್ಕೆ, ಸಾಲು ಹಿಡಿದು ಓದಬೇಕು. ಪಾಸಿಟಿವ್ ಬಂದ 2,195 ಜನರಲ್ಲಿ ನಿಜವಾಗಿ ಸೋಂಕಿರುವುದು 199 ಜನರಿಗೆ. ಇದು ಪಾಸಿಟಿವ್ ಪ್ರಿಡಿಕ್ಟಿವ್ ವ್ಯಾಲ್ಯೂ, ಪಿಪಿವಿ. ನೆಗೆಟಿವ್ ಬಂದ 97,805 ಜನರಲ್ಲಿ ನಿಜಕ್ಕೂ ಸೋಂಕಿಲ್ಲದವರು 97,804. ಇದು ಎನ್‌ಪಿವಿ.

```
Sensitivity = a/(a+c) = 199/200     = 99.5%
Specificity = d/(b+d) = 97804/99800 = 98%
PPV         = a/(a+b) = 199/2195    = 9.07%
NPV         = d/(c+d) = 97804/97805 = 99.999%
```

ಇಲ್ಲಿ ಒಂದು ಗೊಂದಲ ಜಾಸ್ತಿ ಜನರ ಅಂಕ ತಿನ್ನುತ್ತದೆ. ‘ಫಾಲ್ಸ್ ಪಾಸಿಟಿವ್ ರೇಟ್’ ಎಂದು ಕೇಳಿದರೆ ಅದು ಕಾಲಂ ಲೆಕ್ಕ: ಸೋಂಕಿಲ್ಲದವರಲ್ಲಿ ಎಷ್ಟು ಜನರಿಗೆ ಪಾಸಿಟಿವ್ ಬಂತು, ಅಂದರೆ 1,996 ಭಾಗಿಸು 99,800, 2 ಪರ್ಸೆಂಟ್. ‘ಪಾಸಿಟಿವ್ ಬಂದವರಲ್ಲಿ ಎಷ್ಟು ಸುಳ್ಳು’ ಎಂದು ಕೇಳಿದರೆ ಅದು ಸಾಲಿನ ಲೆಕ್ಕ: 1,996 ಭಾಗಿಸು 2,195, ಸುಮಾರು 91 ಪರ್ಸೆಂಟ್. ಮೇಲಿನ ಸಂಖ್ಯೆ ಎರಡರಲ್ಲೂ ಒಂದೇ, ಕೆಳಗಿನದು ಬೇರೆ. ಪ್ರಶ್ನೆಯಲ್ಲಿ ‘ಯಾರಲ್ಲಿ’ ಎಂಬ ಪದಕ್ಕೆ ಅಡಿಗೆರೆ ಎಳೆಯಿರಿ. ಭಾಗಿಸುವ ಸಂಖ್ಯೆ ಅಲ್ಲೇ ಇರುತ್ತದೆ.

ಅದೇ ಕಿಟ್, ಬೇರೆ ಕ್ಲಿನಿಕ್

ಈಗ ಅದೇ ಕಿಟ್ ಅನ್ನು ಸೋಂಕಿನ ಅಪಾಯ ಜಾಸ್ತಿ ಇರುವವರು ಬರುವ ಕ್ಲಿನಿಕ್‌ಗೆ ಒಯ್ಯೋಣ. ಲೆಕ್ಕಕ್ಕಾಗಿ ಅಲ್ಲಿ ಸೋಂಕಿನ ಪ್ರಮಾಣ 20 ಪರ್ಸೆಂಟ್ ಎಂದಿಟ್ಟುಕೊಳ್ಳಿ. ಬಂದವರು 1,000 ಜನ. ಸೋಂಕಿರುವವರು 200, ಇಲ್ಲದವರು 800.

| | ಸೋಂಕು ಇದೆ | ಸೋಂಕು ಇಲ್ಲ | ಮೊತ್ತ |
|---|---|---|---|
| ಪಾಸಿಟಿವ್ | 199 | 16 | 215 |
| ನೆಗೆಟಿವ್ | 1 | 784 | 785 |
| ಮೊತ್ತ | 200 | 800 | 1,000 |

ಪಿಪಿವಿ 199 ಭಾಗಿಸು 215, ಅಂದರೆ 92.6 ಪರ್ಸೆಂಟ್. 9ರಿಂದ ಏಕ್‌ದಂ 92ಕ್ಕೆ! ಎನ್‌ಪಿವಿ ಮಾತ್ರ ಸ್ವಲ್ಪ ಇಳಿದು 99.87 ಆಯಿತು.

ಎರಡು ಟೇಬಲ್‌ಗಳನ್ನು ಅಕ್ಕಪಕ್ಕ ಇಟ್ಟು ಎಡ ಕಾಲಂ ನೋಡಿ. ಎರಡರಲ್ಲೂ 199 ಮತ್ತು 1, ಏನೂ ಬದಲಾಗಿಲ್ಲ. ಬದಲಾದದ್ದು ಬಲ ಕಾಲಂ. ಪಿಪಿವಿಯನ್ನು ಏರಿಸಿದ್ದು ಅದರ b ಮನೆ: ಅಲ್ಲಿ 1,996, ಇಲ್ಲಿ 16. ಕಿಟ್ ತಪ್ಪು ಮಾಡುವುದು ನೂರಕ್ಕೆ ಎರಡೇ. ಆದರೆ ಸೋಂಕಿಲ್ಲದವರು 99,800 ಜನ ಇದ್ದಾಗ ಆ ‘ಎರಡೇ’ ಸೇರಿ ಸೇರಿ ಸಣ್ಣ ಗುಂಪಿನ ನಿಜ ಪಾಸಿಟಿವ್‌ಗಳನ್ನು ಮುಳುಗಿಸಿಬಿಡುತ್ತದೆ. ‘ಪ್ರಿವಲೆನ್ಸ್ ಏರಿದರೆ ಪಿಪಿವಿ ಏರುತ್ತದೆ, ಎನ್‌ಪಿವಿ ಇಳಿಯುತ್ತದೆ’ ಎಂಬ ಸಾಲನ್ನು ಎಲ್ಲರೂ ಉರು ಹೊಡೆಯುತ್ತಾರೆ. b ಮನೆಯನ್ನು ಒಮ್ಮೆ ನೋಡಿದವರಿಗೆ ಉರು ಹೊಡೆಯುವ ಅಗತ್ಯವೇ ಇಲ್ಲ.

ಹಾಗಾದರೆ ಆ ಗರ್ಭಿಣಿಗೆ ಏನು ಹೇಳುವುದು?

ಒಂದೇ ಟೆಸ್ಟ್ ನೋಡಿ ಏನೂ ಹೇಳಬಾರದು. ಲಕ್ಷಣ ಇಲ್ಲದವರಲ್ಲಿ ಎಚ್‌ಐವಿ ಇದೆ ಎಂದು ಹೇಳುವ ಮೊದಲು ಮೂರು ಬೇರೆ ಬೇರೆ ಟೆಸ್ಟ್‌ಗಳಲ್ಲೂ ರಿಯಾಕ್ಟಿವ್ ಬರಬೇಕು ಎಂಬುದು ನ್ಯಾಕೋ ನಿಯಮ. ಮೂರೇ ಏಕೆ ಎಂಬುದಕ್ಕೆ ಉತ್ತರ ನಮ್ಮ ಟೇಬಲ್‌ನಲ್ಲೇ ಇದೆ.

ಮೊದಲ ಟೆಸ್ಟ್‌ನಲ್ಲಿ ಪಾಸಿಟಿವ್ ಬಂದ 2,195 ಜನರನ್ನು ಮಾತ್ರ ಎರಡನೇ ಕಿಟ್‌ಗೆ ಕಳಿಸೋಣ. ಈ ಗುಂಪಿನಲ್ಲಿ ಸೋಂಕಿನ ಪ್ರಮಾಣ ಈಗ 0.2 ಅಲ್ಲ, 9.07. ಮೊದಲ ಟೆಸ್ಟ್‌ನ ಪಿಪಿವಿಯೇ ಎರಡನೆಯದರ ಪ್ರಿವಲೆನ್ಸ್. ಎರಡನೇ ಕಿಟ್‌ಗೂ ಅದೇ ಗುಣ ಇದೆ ಎಂದುಕೊಂಡರೆ, 199ರಲ್ಲಿ ಸುಮಾರು 198 ಪಾಸಿಟಿವ್ ಬರುತ್ತವೆ. 1,996ರ 2 ಪರ್ಸೆಂಟ್, ಸುಮಾರು 40, ಸುಳ್ಳು ಪಾಸಿಟಿವ್. ಪಿಪಿವಿ 198 ಭಾಗಿಸು 238, ಅಂದರೆ 83 ಪರ್ಸೆಂಟ್.

ಆರರಲ್ಲಿ ಒಬ್ಬರಿಗೆ ಸುಳ್ಳೇ ಎಚ್‌ಐವಿ ಎಂದು ಹೇಳಿದ ಹಾಗಾಯಿತು. ಒಂದು ಮನೆಯಲ್ಲಿ ಆ ಒಂದು ಮಾತು ಏನು ಮಾಡಬಲ್ಲದು ಎಂದು ನೋಡಿದವರಿಗೆ 83 ಸಾಕು ಎನ್ನಿಸುವುದಿಲ್ಲ. ಮೂರನೇ ಕಿಟ್ ಮುಗಿದ ಮೇಲೆ ನಿಜ ಪಾಸಿಟಿವ್ ಸುಮಾರು 197, ಸುಳ್ಳು ಒಂದೇ. ಪಿಪಿವಿ 99.5.

ಈ ಲೆಕ್ಕ ನಿಲ್ಲಬೇಕಾದರೆ ಒಂದು ಷರತ್ತಿದೆ. ಮೂರು ಕಿಟ್‌ಗಳು ಒಂದೇ ಕಾರಣಕ್ಕೆ ತಪ್ಪಬಾರದು. ಅದಕ್ಕೇ ಬೇರೆ ಆಂಟಿಜೆನ್ ಅಥವಾ ಬೇರೆ ವಿಧಾನದ ಕಿಟ್‌ಗಳು ಇರಬೇಕು ಎನ್ನುವುದು. ಒಂದೇ ಕಂಪನಿಯ ಒಂದೇ ಕಿಟ್ ಅನ್ನು ಮೂರು ಸಲ ಹಾಕಿದರೆ, ಮೊದಲ ಸಲ ತಪ್ಪಿಗೆ ಕಾರಣವಾದ ರಕ್ತದ ಅಂಶ ಮೂರನೇ ಸಲವೂ ಅಲ್ಲೇ ಇರುತ್ತದೆ. ಅದು ಸುಮ್ನೆ ಮೂರು ಗೆರೆ ಅಷ್ಟೇ. ಇನ್ನೊಂದು ಕಡೆ, ಹೀಗೆ ಸಾಲಾಗಿ ಟೆಸ್ಟ್ ಮಾಡಿದ್ದರಿಂದ 200ರಲ್ಲಿ ಮೂವರು ಕೈಬಿಟ್ಟುಹೋದರು. ಸಾಲಾಗಿ ಮಾಡಿದರೆ ಒಟ್ಟು ಸ್ಪೆಸಿಫಿಸಿಟಿ ಏರುತ್ತದೆ, ಒಟ್ಟು ಸೆನ್ಸಿಟಿವಿಟಿ ಇಳಿಯುತ್ತದೆ. ಇದೂ ಮತ್ತೆ ಮತ್ತೆ ಬರುವ ಪ್ರಶ್ನೆಯೇ.

ಬ್ಲಡ್ ಬ್ಯಾಂಕ್‌ನಲ್ಲಿ ಮಾತ್ರ ಒಂದೇ ಟೆಸ್ಟ್ ಸಾಕು. ರಿಯಾಕ್ಟಿವ್ ಬಂತೋ, ಆ ಚೀಲವನ್ನು ಬಳಸುವುದಿಲ್ಲ. ಅಲ್ಲಿ ಯಾರಿಗೂ ರೋಗ ಇದೆ ಎಂದು ಹೇಳುತ್ತಿಲ್ಲ. ಒಂದು ಒಳ್ಳೆಯ ಚೀಲ ಹೋದರೂ ಪರವಾಗಿಲ್ಲ, ಸೋಂಕಿನ ಚೀಲ ಉಳಿಯಬಾರದು. ಆದ್ದರಿಂದ ಅಲ್ಲಿ ಬೇಕಾದದ್ದು ಸೆನ್ಸಿಟಿವಿಟಿ. ಆ ಒಂದು ಟೆಸ್ಟ್ ಆಧಾರದ ಮೇಲೆ ರಕ್ತ ಕೊಟ್ಟವರಿಗೆ ‘ನಿಮಗೆ ಎಚ್‌ಐವಿ ಇದೆ’ ಎಂದರೆ ತಪ್ಪು. ಅವರನ್ನು ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ ಕಳಿಸಬೇಕು.

ಎನ್‌ಪಿವಿ 99.999 ಎಂದು ಪೂರ್ತಿ ನಿಶ್ಚಿಂತರಾಗಬೇಡಿ. ಸೋಂಕು ತಗುಲಿ ಕೆಲವೇ ದಿನವಾಗಿದ್ದರೆ ರಕ್ತದಲ್ಲಿ ಆಂಟಿಬಾಡಿ ಇನ್ನೂ ಬಂದಿರುವುದಿಲ್ಲ. ಆ ವಿಂಡೋ ಪೀರಿಯಡ್‌ನಲ್ಲಿ ಇರುವವರಿಗೆ ಆಂಟಿಬಾಡಿ ಹುಡುಕುವ ಕಿಟ್‌ನ 99.5 ಸೆನ್ಸಿಟಿವಿಟಿ ಅನ್ವಯಿಸುವುದೇ ಇಲ್ಲ. ಹೊಸದಾಗಿ ಅಪಾಯಕ್ಕೆ ಒಡ್ಡಿಕೊಂಡವರನ್ನು ಮತ್ತೆ ಕರೆದು ಟೆಸ್ಟ್ ಮಾಡುವುದು ಇದಕ್ಕೇ.

ಪಿಪಿವಿ ತೆಗೆಯಲೇಬಾರದ ಟೇಬಲ್

ಕೊನೆಯದಾಗಿ, ಚೆನ್ನಾಗಿ ಓದಿದವರನ್ನೂ ಬೀಳಿಸುವ ಒಂದು ಪ್ರಶ್ನೆ. ‘ಸೋಂಕು ಖಚಿತವಾದ 200 ಜನ, ಸೋಂಕಿಲ್ಲ ಎಂದು ಖಚಿತವಾದ 200 ಜನ, ಇವರ ರಕ್ತದ ಮೇಲೆ ಹೊಸ ಕಿಟ್ ಪರೀಕ್ಷಿಸಲಾಯಿತು.’ ನಮ್ಮ ಕಿಟ್ ಆಗಿದ್ದರೆ a 199, b 4, c 1, d 196. ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ಎರಡೂ ಸರಿಯಾಗೇ ಬರುತ್ತವೆ. ಪಿಪಿವಿ ತೆಗೆದರೆ 199 ಭಾಗಿಸು 203, ಅಂದರೆ 98 ಪರ್ಸೆಂಟ್.

ಆ 98ಕ್ಕೆ ಅರ್ಥವಿಲ್ಲ. ಇಲ್ಲಿ ಪ್ರಿವಲೆನ್ಸ್ 50 ಪರ್ಸೆಂಟ್ ಆದದ್ದು ಯಾವ ಊರಿನಲ್ಲೂ ಅಲ್ಲ, ಅಧ್ಯಯನ ಮಾಡಿದವರು ಎರಡೂ ಗುಂಪಿನವರನ್ನು ಸಮ ಸಮ ಆರಿಸಿಕೊಂಡದ್ದರಿಂದ. ಇಂಥ ಟೇಬಲ್ ಸಿಕ್ಕರೆ ಕಾಲಂ ಮಾತ್ರ ಓದಿ. ಪಿಪಿವಿ ಕೇಳಿದ್ದರೆ, ಪ್ರಶ್ನೆಯಲ್ಲಿ ಎಲ್ಲಾದರೂ ಪ್ರಿವಲೆನ್ಸ್ ಕೊಟ್ಟಿದ್ದಾರೆಯೇ ಎಂದು ಹುಡುಕಿ. ಕೊಟ್ಟಿದ್ದರೆ ಅದನ್ನು ಹಿಡಿದು ಲಕ್ಷ ಜನರ ಹೊಸ ಟೇಬಲ್ ಹಾಕಿ. ಕೊಟ್ಟಿಲ್ಲದಿದ್ದರೆ ‘ಈ ಮಾಹಿತಿಯಿಂದ ಲೆಕ್ಕ ಹಾಕಲು ಆಗುವುದಿಲ್ಲ’ ಎಂಬ ಆಯ್ಕೆ ಕೆಳಗೆ ಇದೆಯೇ ನೋಡಿ. ಇದ್ದರೆ ಅದೇ ಉತ್ತರ.