ಉಳಿ ಸಲೀಸಾಗಿ ಒಳಗೆ ಹೋದ ದಿನ

ನಿಮ್ಮ ಕಾರಿನ ಮುಂದಿನ ಬಾಗಿಲು ತೆಗೆದು, ಚೌಕಟ್ಟಿಗೆ ಸಿಕ್ಕಿಸಿರುವ ಕಪ್ಪು ರಬ್ಬರನ್ನು ಒಂದು ಗೇಣು ಎಳೆದು ನೋಡಿ. ಒಳಗೆ ತಗಡಿನ ಅಂಚಿನಲ್ಲಿ ಸಾಲಾಗಿ ಗುಂಡನೆಯ ಗುಳಿಗಳು ಕಾಣುತ್ತವೆ. ಅವೇ ತಗಡುಗಳನ್ನು ಒಂದಕ್ಕೊಂದು ಬೆಸೆದ ಸ್ಪಾಟ್ ವೆಲ್ಡ್‌ಗಳು. ಒಂದು ಕಾರಿನ ಬಾಡಿಯಲ್ಲಿ ಇಂಥವು ಸಾವಿರಾರು ಇರುತ್ತವೆ. ಬೆಂಗಳೂರಿನ ಹೊರವಲಯದ ಒಂದು ಕಾರು ಕಾರ್ಖಾನೆಯ ವೆಲ್ಡ್ ಶಾಪಿನಲ್ಲಿ ಅವನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ.

ಪರೀಕ್ಷೆ ಅಂದರೆ ದೊಡ್ಡದೇನಲ್ಲ. ಒಂದು ಉಳಿ, ಒಂದು ಸುತ್ತಿಗೆ. ಎರಡು ಸ್ಪಾಟ್‌ಗಳ ನಡುವೆ ಉಳಿ ಇಟ್ಟು ಹೊಡೆದು ತಗಡನ್ನು ಸ್ವಲ್ಪ ಬಿಡಿಸಬೇಕು. ವೆಲ್ಡ್ ಗಟ್ಟಿಯಾಗಿದ್ದರೆ ತಗಡು ಬಾಗುತ್ತದೆ, ಸ್ಪಾಟ್ ಬಿಡುವುದಿಲ್ಲ. ಆಮೇಲೆ ತಟ್ಟಿ ಸರಿಮಾಡಿ ಬಾಡಿಯನ್ನು ಮುಂದಕ್ಕೆ ಕಳಿಸುತ್ತೇವೆ. ಆವತ್ತು ಬೆಳಿಗ್ಗೆ 10 ಗಂಟೆಗೆ, ಮುಂದಿನ ಹಿಂದಿನ ಬಾಗಿಲುಗಳ ನಡುವಿನ ಕಂಬದ ಬುಡದಲ್ಲಿ ಹೊಡೆದಾಗ ಉಳಿ ಬೆಣ್ಣೆಗೆ ಚಾಕು ಹಾಕಿದ ಹಾಗೆ ಒಳಗೆ ಹೋಯಿತು. ಟಕ್ ಅಂತ ಒಂದು ಸಣ್ಣ ಸದ್ದು, ಅಷ್ಟೆ. ಹೊರಗಿನಿಂದ ನೋಡಿದರೆ ಗುಳಿ ಚೆನ್ನಾಗಿಯೇ ಇತ್ತು. ಒಳಗೆ ಮಾತ್ರ ತಗಡುಗಳು ಅಂಟಿಕೊಂಡಿದ್ದವೇ ಹೊರತು ಬೆಸೆದುಕೊಂಡಿರಲಿಲ್ಲ.

ಆ ಜಾಗದಲ್ಲಿ ಮೂರು ತಗಡು ಸೇರುತ್ತವೆ. ಹೊರಗೆ ನೀವು ನೋಡುವ ಸೈಡ್ ಪ್ಯಾನೆಲ್ 0.7 ಮಿ.ಮೀ., ನಡುವೆ ಗಟ್ಟಿ ಉಕ್ಕಿನ ಬಲವರ್ಧಕ 1.4, ಒಳಗೆ 1.2. ರೋಬೋ ಹಿಡಿದ ವೆಲ್ಡಿಂಗ್ ಗನ್ ಎರಡು ತಾಮ್ರದ ಟಿಪ್ ನಡುವೆ ಇವನ್ನು ಒತ್ತಿ ಹಿಡಿದು ಕರೆಂಟ್ ಹರಿಸಿದಾಗ ಬಿಸಿ ಹುಟ್ಟುವುದು ಈ ರಾಶಿಯ ಒಳಭಾಗದಲ್ಲಿ. ಹೊರಗಿನ ತೆಳು ತಗಡಿನ ಪಕ್ಕದಲ್ಲೇ ನೀರು ಹರಿಯುವ ತಾಮ್ರದ ಟಿಪ್ ಇರುವುದರಿಂದ ಅದು ಬೇಗ ತಣ್ಣಗಾಗುತ್ತದೆ. ಹಾಗಾಗಿ ಕರಗಿದ ಉಕ್ಕಿನ ಮುದ್ದೆ ಕೊನೆಯದಾಗಿ ತಲುಪುವುದು ಈ ತೆಳು ತಗಡನ್ನೇ. ಏನೇ ಕೊರತೆ ಬಂದರೂ ಮೊದಲು ಕೈ ಕೊಡುವುದೂ ಇದೇ.

ನಾನು ಮೊದಲು ಬೈದದ್ದು ಪ್ರೆಸ್ ಶಾಪನ್ನು. ಗಟ್ಟಿ ಉಕ್ಕನ್ನು ಡೈಯಲ್ಲಿ ಒತ್ತಿದ ಮೇಲೆ ಅದು ಸ್ಪ್ರಿಂಗ್ ತರಹ ಸ್ವಲ್ಪ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಆ ಅಂಚು ಸರಿಯಾಗಿ ಕೂರದಿದ್ದರೆ ಗನ್ನಿನ ಒತ್ತಡವೆಲ್ಲ ತಗಡುಗಳನ್ನು ಹತ್ತಿರ ತರುವುದಕ್ಕೇ ಖರ್ಚಾಗುತ್ತದೆ, ಬೆಸೆಯುವುದಕ್ಕೆ ಉಳಿಯುವುದಿಲ್ಲ. "ನಿಮ್ಮ ಪ್ಯಾನೆಲ್ ತೆರೆದುಕೊಂಡಿದೆ ಅಣ್ಣ" ಅಂದೆ. ಪ್ರೆಸ್ ಶಾಪಿನ ಮೇಸ್ತ್ರಿ ಏನೂ ಮಾತಾಡಲಿಲ್ಲ. ಪ್ಯಾನೆಲನ್ನು ಫಿಕ್ಸ್ಚರ್ ಮೇಲೆ ಕೂರಿಸಿ, ಸಂದಿ ಅಳೆಯುವ ಫೀಲರ್ ಗೇಜ್ ನನ್ನ ಕೈಗೇ ಕೊಟ್ಟರು. 0.3 ಮಿ.ಮೀ.ನ ತೆಳು ಎಲೆ ಕೂಡ ಬಿಗಿಯಾಗಿ ಹೋಯಿತು, ಅಂದರೆ ಅಂಚು ಸರಿಯಾಗಿಯೇ ಕೂತಿತ್ತು. "ಈಗ ನಿಮ್ಮ ರೋಬೋ ನೋಡ್ಕೊಳ್ಳಿ ಗುರುವೇ" ಅಂದರು. ಮುಖ ಸಣ್ಣದು ಮಾಡಿಕೊಂಡು ವಾಪಸ್ ಬಂದೆ.

ರೋಬೋ ಪರದೆಯಲ್ಲಿ ಎಲ್ಲವೂ ಹಸಿರು. ಶುರುವಿಗೆ ಕೊಟ್ಟಿದ್ದ 9.5 ಕಿಲೋಆಂಪಿಯರ್, ಟಿಪ್ ಸವೆದಂತೆ ತಾನಾಗಿ ಏರಿ 10.3 ಆಗಿತ್ತು. ಒತ್ತಡ ಸರಿ, ಸಮಯ ಸರಿ. ಅದಕ್ಕೇ ನಾನು ಪರದೆಯನ್ನು ಜಾಸ್ತಿ ನಂಬುವುದಿಲ್ಲ. ರೋಬೋ ನಿಲ್ಲಿಸಿ ಟಿಪ್ ನೋಡಿದೆ. ತಾಮ್ರದ ಕೆಂಪು ಹೋಗಿ ಹಳದಿ ಬಣ್ಣ ಬಂದಿತ್ತು. ಹೊರ ತಗಡಿನ ಸತುವಿನ ಲೇಪ ತಾಮ್ರದ ಜೊತೆ ಸೇರಿ ಹಿತ್ತಾಳೆಯಾಗಿತ್ತು. ಟಿಪ್‌ನ ತುದಿ ಅಣಬೆಯ ಹಾಗೆ ಹರಡಿತ್ತು.

ಎಷ್ಟು ಹರಡಿದೆ ಅಂತ ನೋಡಲು ಒಂದು ಹಳೆಯ ಉಪಾಯವಿದೆ. ಬಿಳಿ ಹಾಳೆಯ ಮೇಲೆ ಕಾರ್ಬನ್ ಪೇಪರ್ ಇಟ್ಟು, ಕರೆಂಟ್ ಇಲ್ಲದೆ ಬರೀ ಒತ್ತಡದಲ್ಲಿ ಗನ್ ಮುಚ್ಚಿಸಬೇಕು. ಟಿಪ್‌ನ ಅಚ್ಚು ಹಾಳೆಯ ಮೇಲೆ ಮೂಡುತ್ತದೆ. 6 ಮಿ.ಮೀ. ಇರಬೇಕಾದ ವೃತ್ತ 8 ಇತ್ತು. ಎರಡು ಮಿ.ಮೀ. ತಾನೇ ಅನ್ನಿಸಬಹುದು. ಆದರೆ ವಿಸ್ತೀರ್ಣ 28 ಚದರ ಮಿ.ಮೀ. ಇದ್ದದ್ದು 50 ಆಯಿತು. ಒಂದು ಚದರ ಮಿ.ಮೀ.ಗೆ 336 ಆಂಪಿಯರ್ ಸಿಗುತ್ತಿದ್ದ ಕಡೆ, ಕರೆಂಟ್ ಏರಿಸಿದ ಮೇಲೂ ಸುಮಾರು 205 ಮಾತ್ರ. ಬಿಸಿ ಈ ಸಂಖ್ಯೆಯ ವರ್ಗದ ಲೆಕ್ಕದಲ್ಲಿ ಬರುತ್ತದೆ. ಅಂದರೆ ಬೇಕಾದ ಬಿಸಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ ಉಳಿದದ್ದು.

ಟಿಪ್ ಸವೆಯುವುದು ಹೊಸದೇನಲ್ಲ. ಈ ರೋಬೋ ಪ್ರತಿ ಬಾಡಿಗೆ 20 ಸ್ಪಾಟ್ ಹಾಕುತ್ತದೆ, 10 ಬಾಡಿಗೊಮ್ಮೆ ಡ್ರೆಸ್ಸರ್‌ಗೆ ಹೋಗಿ ಟಿಪ್ ಕೆತ್ತಿಸಿಕೊಳ್ಳುತ್ತದೆ. ಪೆನ್ಸಿಲ್ ಮೆಂಡರ್ ತರಹದ್ದೇ. ಹೋಗಿದೆ, ಮೋಟಾರ್ ತಿರುಗಿದೆ, ಸಿಗ್ನಲ್ ಬಂದಿದೆ. ಆದರೆ ಡ್ರೆಸ್ಸರ್ ಕೆಳಗಿನ ತಟ್ಟೆಯಲ್ಲಿ ತಾಮ್ರದ ಹೊಟ್ಟು ಒಂಚೂರೂ ಇಲ್ಲ! ಬಿಚ್ಚಿ ನೋಡಿದರೆ ಬ್ಲೇಡಿನ ಸ್ಕ್ರೂ ಸಡಿಲ. ಟಿಪ್ ತಾಗಿದ ಕೂಡಲೇ ಬ್ಲೇಡ್ ಹಿಂದಕ್ಕೆ ಸರಿದು, ಕೆತ್ತುವ ಬದಲು ಸುಮ್ನೆ ಉಜ್ಜುತ್ತಿತ್ತು. ಹಿಂದಿನ ರಾತ್ರಿ 9ಕ್ಕೆ ಬ್ಲೇಡ್ ಬದಲಿಸಿದ್ದು ಲಾಗ್ ಪುಸ್ತಕದಲ್ಲಿತ್ತು. ಬದಲಿಸಿದವನು ನನ್ನ ಪಾಳಿಯವನೇ, ಮೇಲೆ ಸಹಿ ನನ್ನದೇ.

ಬ್ಲೇಡ್ ಬದಲಿಸಿದ ಮೇಲೆ 156 ಬಾಡಿ ಹೋಗಿದ್ದವು. 63 ಇನ್ನೂ ನಮ್ಮ ಕಡೆಯೇ ಇದ್ದವು, 82 ಪೇಂಟ್ ಶಾಪಿನಲ್ಲಿ, 11 ಆಗಲೇ ಅಸೆಂಬ್ಲಿ ಲೈನ್ ಹತ್ತಿದ್ದವು. ಪೇಂಟ್ ಆದ ಬಾಡಿಗೆ ಉಳಿ ಹಾಕಲಾಗುವುದಿಲ್ಲ ಅಲ್ವಾ? ಅಲ್ಟ್ರಾಸಾನಿಕ್ ಬೇಕು. ಆಸ್ಪತ್ರೆಯ ಸ್ಕ್ಯಾನ್ ಹಾಗೆಯೇ ಜೆಲ್ ಹಚ್ಚಿ ಸ್ಪಾಟ್ ಮೇಲೆ ಪ್ರೋಬ್ ಇಡುವುದು. ಬೆಸುಗೆ ಇಲ್ಲದಿದ್ದರೆ ಪ್ರತಿಧ್ವನಿ ತೆಳು ತಗಡಿನ ತಳದಿಂದಲೇ ಬೇಗ ವಾಪಸ್ ಬರುತ್ತದೆ.

ಅಸೆಂಬ್ಲಿಯ 11ರಿಂದ ಶುರು ಮಾಡಿದೆವು. ಅಲ್ಲಿ ಬಾಗಿಲುಗಳನ್ನು ಬಿಚ್ಚಿ ಬೇರೆ ಲೈನಿಗೆ ಕಳಿಸಿರುತ್ತಾರೆ, ಸೀಟು ಕೂರಿಸುವುದಕ್ಕೆ ಅಡ್ಡ ಬರಬಾರದು ಅಂತ. ನಮಗೂ ಅದೇ ಅನುಕೂಲವಾಯಿತು. ರಬ್ಬರ್ ಎಳೆದರೆ ಸ್ಪಾಟ್ ಕಣ್ಣೆದುರೇ. ಹನ್ನೊಂದೂ ಸರಿ ಇದ್ದವು. ಅವು ಮೊದಲು ಹೋದವು, ಆಗ ಟಿಪ್ ಅಷ್ಟು ಹರಡಿರಲಿಲ್ಲ.

ಪೇಂಟ್ ಶಾಪಿನಲ್ಲಿ ಗಲಾಟೆ ಬೇರೆ. ಜೆಲ್ ಡಬ್ಬಿ ಹಿಡಿದು ಒಳಗೆ ಕಾಲಿಡುತ್ತಿದ್ದಂತೆ ಅಲ್ಲಿನ ಸೂಪರ್‌ವೈಸರ್ ಅಡ್ಡ ನಿಂತರು. "ಸಾರ್, ಅದರಲ್ಲಿ ಸಿಲಿಕೋನ್ ಇದ್ರೆ ನನ್ನ ಬೂತ್ ಹಾಳಾಗುತ್ತೆ." ಅವರು ಹೇಳಿದ್ದು ನಿಜ. ಸಿಲಿಕೋನಿನ ಸೋಂಕು ಇದ್ದರೂ ಬಣ್ಣ ಅಲ್ಲಿ ಕೂರದೆ ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ. ಸಿಲಿಕೋನ್ ಇಲ್ಲದ ಜೆಲ್ ಸ್ಟೋರ್‌ನಿಂದ ತರಿಸಿ, ಪ್ರತಿ ಬಾಡಿಯನ್ನೂ ಒರೆಸಿದ್ದನ್ನು ಅವರಿಗೆ ತೋರಿಸಿಯೇ ಮುಂದಕ್ಕೆ ಹೋದೆವು.

82ರಲ್ಲಿ ಮೊದಲ 13 ಚೆನ್ನಾಗಿದ್ದವು. ಆಮೇಲೆ ಒಂದು ಸರಿ, ಎರಡು ಕೆಟ್ಟದ್ದು, ಹೀಗೆ. ನಮ್ಮ ಕಡೆ ಇದ್ದ 63ಕ್ಕೆ ಕೈಯಲ್ಲಿ ಹಿಡಿಯುವ ಗನ್ನಿನಿಂದ ಪಕ್ಕದಲ್ಲೇ ಹೊಸ ಸ್ಪಾಟ್ ಹಾಕಿದೆವು, ಬಾಡಿಗೆ ಹತ್ತು ನಿಮಿಷ. ಪೇಂಟ್ ಆದದ್ದಕ್ಕೆ ಹಾಗೆ ಆಗುವುದಿಲ್ಲ. ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನಿಂದ ಹಿಡಿಸುವ ಮೊದಲ ಬಣ್ಣ ಸುಮಾರು 20 ಮೈಕ್ರಾನ್ ಅಷ್ಟೇ, ಆದರೆ ಒಲೆಯಲ್ಲಿ ಬೆಂದ ಮೇಲೆ ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಬಣ್ಣ ಉಜ್ಜಿ, ಹೊರ ತಗಡಿಗೆ ತೂತು ಕೊರೆದು, ಮಿಗ್ ವೆಲ್ಡಿಂಗ್‌ನಲ್ಲಿ ತುಂಬಿ, ಅರೆದು, ಪ್ರೈಮರ್ ಬಳಿದು, ಮತ್ತೆ ಬಣ್ಣ ಹಾಕಬೇಕು. ಆ ಬಿಸಿಗೆ ಕಂಬದ ಟೊಳ್ಳಿನ ಒಳಗಿನ ಬಣ್ಣ ಸುಡುತ್ತದೆ. ಅಲ್ಲಿಗೆ ಕುಂಚ ಹೋಗದು, ತುಕ್ಕು ಹಿಡಿಯದಿರಲಿ ಅಂತ ಮೇಣ ಸಿಂಪಡಿಸಿದೆವು. ಒಂದು ಬಾಡಿಗೆ ಅರ್ಧ ದಿನ ಹಿಡಿಯಿತು. ಒಟ್ಟು ಮೂರು ವಾರ.

ಈಗ ಡ್ರೆಸ್ಸಿಂಗ್ ಆದ ಮೇಲೆ ರೋಬೋ ಟಿಪ್ಪನ್ನು ಒಂದು ತಟ್ಟೆಗೆ ತಾಗಿಸಿ ಎಷ್ಟು ಕೆತ್ತಿದೆ ಅಂತ ಅಳೆಯುತ್ತದೆ. 0.05 ಮಿ.ಮೀ.ಗಿಂತ ಕಡಿಮೆ ಇದ್ದರೆ ಲೈನ್ ನಿಲ್ಲುತ್ತದೆ. ಆದರೂ ಬ್ಲೇಡ್ ಬದಲಿಸಿದ ದಿನ ತಟ್ಟೆಯಲ್ಲಿ ಬಿದ್ದ ತಾಮ್ರದ ಹೊಟ್ಟನ್ನು ಬೆರಳಲ್ಲಿ ಮುಟ್ಟಿ ನೋಡಿಯೇ ಲಾಗ್ ಪುಸ್ತಕಕ್ಕೆ ಸಹಿ ಹಾಕುತ್ತೇನೆ.