ಬಹುಮಾನ ಬಂದಿದೆ ಎಂಬ ಸಂದೇಶ: ‘ಪ್ರೊಸೆಸಿಂಗ್ ಶುಲ್ಕ’ ಕಟ್ಟುವ ಮುನ್ನ

ಶಿರಸಿ ಕಡೆಯ ಅಡಿಕೆ ಬೆಳೆಗಾರರೊಬ್ಬರ ವಾಟ್ಸ್‌ಆ್ಯಪ್‌ಗೆ ಹೀಗೊಂದು ಸಂದೇಶ ಬಂತು ಎಂದಿಟ್ಟುಕೊಳ್ಳಿ: ‘ನಿಮ್ಮ ಮೊಬೈಲ್ ಸಂಖ್ಯೆಗೆ 25 ಲಕ್ಷ ರೂಪಾಯಿ ಬಹುಮಾನ ಬಂದಿದೆ. ಪ್ರೊಸೆಸಿಂಗ್ ಶುಲ್ಕ 8,200 ರೂಪಾಯಿ ಕಟ್ಟಿ ಪಡೆದುಕೊಳ್ಳಿ’. ಜೊತೆಗೆ ಮೊಹರು ಒತ್ತಿದ ಪ್ರಮಾಣಪತ್ರ, ಚೆಕ್ಕಿನ ಚಿತ್ರ.

ಮೊದಲ ಹೆಜ್ಜೆ, ಯಾವ ಸ್ಪರ್ಧೆ ಎಂದು ನೆನಪಿಸಿಕೊಳ್ಳುವುದು. ಹೆಸರು ಕೊಡದೆ ಗೆಲ್ಲಲು ಬರುವುದಿಲ್ಲ. ‘ಸಿಮ್ ಸಂಖ್ಯೆಗಳ ಲಾಟರಿ’ ಎಂಬುದು ಇದಕ್ಕೆ ವಂಚಕರು ಸಿದ್ಧವಾಗಿಟ್ಟುಕೊಂಡ ಉತ್ತರ. ಕರ್ನಾಟಕದಲ್ಲಿ ಲಾಟರಿ ಮಾರಾಟ 2007ರಲ್ಲೇ ನಿಂತಿದೆ.

ಎರಡನೆಯದು, ಶುಲ್ಕದ ಲೆಕ್ಕ. 25 ಲಕ್ಷದ ಪಕ್ಕದಲ್ಲಿ 8,200 ಪುಡಿಗಾಸಿನಂತೆ ಕಾಣುತ್ತದೆ. ಅಷ್ಟು ಸಣ್ಣದಾಗಿ ಕಾಣಲೆಂದೇ ಅದನ್ನು ನಿಗದಿ ಮಾಡಿರುತ್ತಾರೆ. ಕಟ್ಟಿದ ಮರುದಿನ ಜಿಎಸ್‌ಟಿ ಎಂದು 18,500 ಕೇಳುತ್ತಾರೆ, ಆಮೇಲೆ ಹಣ ವರ್ಗಾವಣೆಗೆಂದು 32,000. ಈಗ ಬೆಳೆಗಾರರು ಬಹುಮಾನಕ್ಕಿಂತ ಹೆಚ್ಚಾಗಿ, ಹೋದ 8,200 ವಾಪಸು ಬರಲಿ ಎಂದು ಕಟ್ಟುತ್ತಾರೆ. ಒಟ್ಟು 58,700 ಕೈಬಿಟ್ಟಿತು. ಮೊದಲ ಕಂತಿನಿಂದ ವಂಚಕನಿಗೆ ಸಿಗುವುದು ಹಣವಷ್ಟೇ ಅಲ್ಲ, ಇವರು ಕಟ್ಟುವವರು ಎಂಬ ಸುಳಿವು ಕೂಡ.

ಹಾಗಾಗಿ ಒಂದೇ ಮಾತು ಕೇಳಿ: ‘ಶುಲ್ಕ ಮುರಿದುಕೊಂಡು ಉಳಿದದ್ದನ್ನು ಕಳಿಸಿ’. ಸೊಸೈಟಿಯಲ್ಲಿ ಅಡಿಕೆ ಮಾರಿದಾಗ ಖರ್ಚು ಕಳೆದು ಉಳಿದ ಹಣವನ್ನು ಖಾತೆಗೆ ಹಾಕುತ್ತಾರೆಯೇ ಹೊರತು, ಮೊದಲು ಖರ್ಚಿನ ಹಣ ತಂದುಕೊಡಿ ಎನ್ನುವುದಿಲ್ಲ. ಬಹುಮಾನದ ತೆರಿಗೆಯೂ ಹಾಗೆಯೇ. ನಗದು ಬಹುಮಾನ ನಿಜವಾಗಿದ್ದರೆ ಕೊಡುವವರೇ ಶೇ 30ರಷ್ಟು, ಅಂದರೆ 7.5 ಲಕ್ಷ ಕಡಿತ ಮಾಡಿ ಉಳಿದ 17.5 ಲಕ್ಷ ಕೊಡಬೇಕು. ಕಾರಿನಂಥ ವಸ್ತುವಾದರೆ ಮಾತ್ರ ತೆರಿಗೆಯ ಹಣವನ್ನು ಗೆದ್ದವರಿಂದ ಮುಂಚೆ ಪಡೆಯುವುದುಂಟು. ಅದೂ ನೀವು ನಿಜವಾಗಿ ಭಾಗವಹಿಸಿದ ಸ್ಪರ್ಧೆಯಲ್ಲಿ. ‘ಮುರಿದುಕೊಳ್ಳಲು ರಿಸರ್ವ್ ಬ್ಯಾಂಕ್ ನಿಯಮ ಬಿಡುವುದಿಲ್ಲ’ ಎಂಬ ಉತ್ತರ ಬಂದರೆ ಅಲ್ಲಿಗೆ ಮಾತು ನಿಲ್ಲಿಸಿ, ಸಂಖ್ಯೆಯನ್ನು ಬ್ಲಾಕ್ ಮಾಡಿ.

ಯುಪಿಐಯಲ್ಲಿ ಪಿನ್ ಒತ್ತುವ ಮುನ್ನ ಪರದೆಯ ಮೇಲೆ ಹಣ ಪಡೆಯುವವರ ಹೆಸರು ಮೂಡುತ್ತದೆ. ದೊಡ್ಡ ಕಂಪನಿಯ ಶುಲ್ಕ ಎಂದವರ ಖಾತೆ ಯಾರೋ ವ್ಯಕ್ತಿಯ ಹೆಸರಿನಲ್ಲಿರುತ್ತದೆ. ‘ಅವರು ನಮ್ಮ ಕ್ಯಾಷಿಯರ್’ ಎನ್ನಲು ಇವರಿಗೆ ನಾಚಿಕೆಯಿಲ್ಲ. ವಾಸ್ತವದಲ್ಲಿ ಅದು ಬಾಡಿಗೆಗೆ ಪಡೆದ ಖಾತೆ. ಹಣ ಅಲ್ಲಿಂದ ಬೇಗನೆ ಬೇರೆಡೆಗೆ ಜಾರುತ್ತದೆ.

ಹಣ ಹೋಗಿಬಿಟ್ಟಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಅಥವಾ cybercrime.gov.in ನಲ್ಲಿ ದೂರು ಕೊಡಿ. ಯುಪಿಐ ವಹಿವಾಟಿನ 12 ಅಂಕಿಯ ಸಂಖ್ಯೆ ಕೈಯಲ್ಲಿರಲಿ. ಹಣ ಇನ್ನೂ ಖಾತೆಯಲ್ಲಿದ್ದರೆ ಅದನ್ನು ತಡೆಹಿಡಿಯಬಹುದು, ತಡವಾದಷ್ಟೂ ಆಸೆ ಕಡಿಮೆ. ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಕಾರವಾರದ ಸಿಇಎನ್ ಪೊಲೀಸ್ ಠಾಣೆಗೋ ನಿಮ್ಮೂರಿನ ಠಾಣೆಗೋ ಹೋಗಿ.

ಕೆಲವು ದಿನಗಳ ನಂತರ ‘ಕಳೆದುಹೋದ ಹಣವನ್ನು ವಾಪಸು ಕೊಡಿಸುತ್ತೇವೆ’ ಎಂದು ಇನ್ನೊಬ್ಬರು ಕರೆ ಮಾಡಬಹುದು. ಅವರೂ ಮೊದಲು ಕೇಳುವುದು ಪ್ರೊಸೆಸಿಂಗ್ ಶುಲ್ಕವನ್ನೇ.