ಅರ್ಧ ಮಿಲಿಮೀಟರ್ ತೂತಿನಲ್ಲಿ ರೇಲೀ ಮಿತಿ ಅಳೆದ ನನ್ನ ಅನುಭವ

ದೂರದ ಎರಡು ಬೆಳಕಿನ ಚುಕ್ಕೆಗಳು ದುಂಡು ತೂತಿನ ಮೂಲಕ ನೋಡಿದಾಗ ಯಾವಾಗ ಬೇರೆ ಬೇರೆಯಾಗಿ ಕಾಣುತ್ತವೆ? ಭೌತವಿಜ್ಞಾನಿ ರೇಲೀ ಕೊಟ್ಟ ಅಳತೆ θ = 1.22 λ/D. ಇಲ್ಲಿ λ ಬೆಳಕಿನ ತರಂಗದೂರ, D ತೂತಿನ ವ್ಯಾಸ. ತೂತಿನ ಮೂಲಕ ಬಂದ ಚುಕ್ಕೆಯ ಬಿಂಬ ಚುಕ್ಕೆಯಾಗಿ ಉಳಿಯದೆ, ಸುತ್ತ ಕಪ್ಪು ಉಂಗುರಗಳಿರುವ ಸಣ್ಣ ಬಿಲ್ಲೆಯಾಗಿ ಹರಡುತ್ತದೆ. ಒಂದು ಚುಕ್ಕೆಯ ಬಿಂಬದ ನಡುಭಾಗ, ಇನ್ನೊಂದರ ಮೊದಲ ಕಪ್ಪು ಉಂಗುರದ ಮೇಲೆ ಬಿದ್ದಾಗಿನ ಕೋನ ಅದು. ಆಗ ಎರಡು ಶಿಖರಗಳ ನಡುವೆ ಒಂದು ತಗ್ಗು ಇರುತ್ತದೆ. ಅಲ್ಲಿನ ಬೆಳಕು ಶಿಖರದ ಸುಮಾರು 73.5 ಶೇಕಡಾ. ಈ ತಗ್ಗನ್ನು ನಾನೇ ಅಳೆದು ನೋಡಬೇಕು ಅನ್ನಿಸಿತು.

ಹಸಿರು ಎಲ್‌ಇಡಿ ತೆಗೆದುಕೊಂಡೆ, ತರಂಗದೂರ 525 ನ್ಯಾನೋಮೀಟರ್. ಅದರ ಮುಂದೆ ಟ್ರೇಸಿಂಗ್ ಪೇಪರ್, ಅದಕ್ಕೆ ಅಂಟಿದ ಹಾಗೆ ಅಲ್ಯೂಮಿನಿಯಂ ಫಾಯಿಲ್. ಫಾಯಿಲ್‌ನಲ್ಲಿ 3 ಮಿಲಿಮೀಟರ್ ಅಂತರದಲ್ಲಿ ಎರಡು ಸಣ್ಣ ಚುಚ್ಚು, ಒಂದೊಂದೂ ಸುಮಾರು 0.3 ಮಿಲಿಮೀಟರ್. ಇಲ್ಲಿ ಲೇಸರ್ ಬೇಡ. ಲೇಸರ್ ಆದರೆ ಎರಡು ಚುಚ್ಚಿನ ಬೆಳಕೂ ಒಂದಕ್ಕೊಂದು ವ್ಯತಿಕರಿಸುತ್ತದೆ. ಎರಡೂ ಒಂದೇ ಫೇಸ್‌ನಲ್ಲಿದ್ದರೆ, ಅಂದರೆ ಅವುಗಳ ಅಲೆಗಳ ಏರಿಳಿತ ಒಟ್ಟಿಗೇ ಆಗುತ್ತಿದ್ದರೆ, ಇದೇ ಅಂತರದಲ್ಲಿ ತಗ್ಗೇ ಕಾಣುವುದಿಲ್ಲ. ರೇಲೀ ಲೆಕ್ಕ ನಿಂತಿರುವುದು ಎರಡರ ತೀವ್ರತೆ ಸುಮ್ನೆ ಕೂಡುತ್ತದೆ ಎನ್ನುವುದರ ಮೇಲೆ.

ನೋಡುವ ತೂತು 0.5 ಮಿಲಿಮೀಟರ್ ಇದ್ದರೆ θ 0.00128 ರೇಡಿಯನ್. 3 ಮಿಲಿಮೀಟರ್ ಅಂತರ ಅಷ್ಟು ಕೋನಕ್ಕೆ ಬರಬೇಕಾದರೆ 2.34 ಮೀಟರ್ ದೂರ ಹೋಗಬೇಕು. ಕೋಣೆಯೊಳಗೇ ಆಗುವ ಕೆಲಸ, ಅಲ್ವಾ? ಬರಿಗಣ್ಣಿಗೆ ಅಷ್ಟು ದೂರದಿಂದ ಎರಡು ಚುಕ್ಕೆ ಸಲೀಸಾಗಿ ಬೇರೆಯಾಗಿ ಕಾಣುತ್ತವೆ. ಕಣ್ಣಿನ ಪಾಪೆ ಈ ತೂತಿಗಿಂತ ಎಷ್ಟೋ ದೊಡ್ಡದು. ತೂತನ್ನು ಕಣ್ಣಿಗೆ ಹಿಡಿದ ಕೂಡಲೇ ಮಿತಿ ಹಾಕುವುದು ತೂತು, ಕಣ್ಣಲ್ಲ.

ಮೊದಲು ನೋಡುವ ತೂತನ್ನೂ ಸೂಜಿಯಲ್ಲೇ ಚುಚ್ಚಿದೆ. 2.5 ಮೀಟರ್ ದೂರದಲ್ಲಿ ನಿಂತು ನೋಡಿದರೆ ಎರಡು ಚುಕ್ಕೆ. ಕೈ ಸ್ವಲ್ಪ ತಿರುಗಿತು, ಉದ್ದನೆಯ ಒಂದೇ ಗುಡ್ಡೆ! ಮತ್ತೆ ತಿರುಗಿಸಿದೆ, ಮತ್ತೆ ಎರಡಾಯಿತು. ತೂತನ್ನು ಸ್ಕ್ಯಾನರ್‌ನಲ್ಲಿ 1200 ಡಿಪಿಐಗೆ ಇಟ್ಟು ಪಿಕ್ಸೆಲ್ ಎಣಿಸಿದಾಗ ಕಾರಣ ಸಿಕ್ಕಿತು. ಒಂದು ಕಡೆ 26, ಇನ್ನೊಂದು ಕಡೆ 22. ಅಂದರೆ 0.55 ಮತ್ತು 0.47 ಮಿಲಿಮೀಟರ್, ತೂತು ಮೊಟ್ಟೆಯಾಕಾರ. ಚುಕ್ಕೆಗಳ ಸಾಲಿಗೆ ಅದರ ಉದ್ದ ಬದಿ ಹೊಂದಿದಾಗ ಮಿತಿಯ ದೂರ ಸುಮಾರು 2.6 ಮೀಟರ್, ಗಿಡ್ಡ ಬದಿ ಹೊಂದಿದಾಗ 2.2. ನಾನು ನಿಂತದ್ದು ಎರಡರ ನಡುವೆ. ತೂತಿನ ಅಗಲ ಯಾವ ದಿಕ್ಕಿನಲ್ಲಿ ಜಾಸ್ತಿಯೋ ಆ ದಿಕ್ಕಿನಲ್ಲಿ ಬಿಂಬ ಕಿರಿದಾಗುತ್ತದೆ. ಪುಸ್ತಕದಲ್ಲಿ ಓದಿದ್ದ ಮಾತು ಕೈಯ ತಿರುವಿನಲ್ಲೇ ಕಂಡಾಗ ಆದ ಸಂತೋಷ ಇನ್ನೂ ನೆನಪಿದೆ.

ಆಮೇಲೆ ಸರ್ಕ್ಯೂಟ್ ಬೋರ್ಡ್ ಕೊರೆಯುವ 0.5 ಮಿಲಿಮೀಟರ್ ಬಿಟ್‌ನಿಂದ ತೆಳು ಹಿತ್ತಾಳೆ ತಗಡಿನಲ್ಲಿ ತೂತು ಹಾಕಿದೆ. ಅಂಚಿನ ಮುಳ್ಳನ್ನು ನಯ ಮರಳು ಕಾಗದದಲ್ಲಿ ತೆಗೆದೆ. ಈಗ ತಿರುಗಿಸಿದರೂ ನೋಟ ಬದಲಾಗಲಿಲ್ಲ.

ಕಣ್ಣಿನಿಂದ ತಗ್ಗಿನ ಆಳ ಹೇಳಲಾಗದು. ಹಾಗಾಗಿ ಕ್ಯಾಮೆರಾ. ಫೋನಿನ ಕ್ಯಾಮೆರಾದಲ್ಲಿ ಎರಡು ಶಿಖರಗಳ ನಡುವೆ ನಾಲ್ಕು ಪಿಕ್ಸೆಲ್ ಕೂಡ ಸಿಗಲಿಲ್ಲ. 50 ಮಿಲಿಮೀಟರ್ ಲೆನ್ಸಿನ ಮುಂದೆ ತಗಡನ್ನು ಕೂರಿಸಿದೆ. ಸೆನ್ಸರ್ ಮೇಲೆ ಶಿಖರಗಳ ಅಂತರ 0.064 ಮಿಲಿಮೀಟರ್, 4 ಮೈಕ್ರಾನ್ ಪಿಕ್ಸೆಲ್‌ನಲ್ಲಿ ಹದಿನಾರು. ಇಷ್ಟು ಸಾಕು. ಟ್ರೈಪಾಡ್ ಮೇಲಿಟ್ಟು 2.34 ಮೀಟರಿಗೆ ಫೋಕಸ್ ಮಾಡಿ, ಕೆಲವು ಸೆಕೆಂಡ್ ಎಕ್ಸ್‌ಪೋಶರ್ ಕೊಟ್ಟೆ.

ಮೊದಲ ಚಿತ್ರದಲ್ಲಿ ತಗ್ಗೇ ಇರಲಿಲ್ಲ. ಎಕ್ಸ್‌ಪೋಶರ್ ಜಾಸ್ತಿಯಾಗಿ ಎರಡೂ ಶಿಖರಗಳು ಚಿತ್ರದ ಅತಿ ಹೆಚ್ಚಿನ ಅಂಕಿಯಾದ 255ಕ್ಕೆ ಮುಟ್ಟಿ ಚಪ್ಪಟೆಯಾಗಿದ್ದವು. ಕಡಿಮೆ ಮಾಡಿದಾಗ ಶಿಖರ 200, ತಗ್ಗು 173 ಬಂತು. ಅಂದರೆ 86.5 ಶೇಕಡಾ. 73.5 ಎಲ್ಲಿ, ಇದೆಲ್ಲಿ! ದೂರ ಮತ್ತೆ ಅಳೆದೆ, ತೂತು ಮತ್ತೆ ಸ್ಕ್ಯಾನ್ ಮಾಡಿದೆ. ಎಲ್ಲ ಸರಿಯಿತ್ತು.

ತಪ್ಪಿದ್ದದ್ದು ಫೈಲಿನಲ್ಲಿ. ಜೆಪೆಗ್‌ನ ಅಂಕಿ ಬೆಳಕಿಗೆ ನೇರ ಅನುಪಾತದಲ್ಲಿ ಇರುವುದಿಲ್ಲ, ಅದಕ್ಕೆ ಸುಮಾರು 2.2ರ ಗಾಮಾ ಹಾಕಿರುತ್ತಾರೆ, ಅಂದರೆ ಬೆಳಕಿನ ಅಳತೆಗೆ 1/2.2 ಘಾತ ಹಾಕಿ ಬರೆದಿಟ್ಟಿರುತ್ತಾರೆ. 0.735ಕ್ಕೆ 1/2.2 ಘಾತ ಹಾಕಿದರೆ 0.87 ಬರುತ್ತದೆ. ನನಗೆ ಸಿಕ್ಕಿದ್ದು ಅದೇ! ಅದೇ ಶಾಟ್‌ನ, ಸೆನ್ಸರ್ ಅಳೆದ ಅಂಕಿಗಳು ಹಾಗೇ ಇರುವ ರಾ ಫೈಲ್ ತೆರೆದು, ಕಪ್ಪು ಮಟ್ಟ ಕಳೆದು, ಹಸಿರು ಪಿಕ್ಸೆಲ್ ಮಾತ್ರ ಓದಿದೆ. ಶಿಖರ 9200, ತಗ್ಗು 6950. ಅನುಪಾತ 0.755. ಉಳಿದ ಎರಡು ಶೇಕಡಾಕ್ಕೆ ಚುಚ್ಚುಗಳ ಸ್ವಂತ ಅಗಲವೂ ಒಂದು ಕಾರಣ. ಅವು ನಿಜವಾದ ಬಿಂದುಗಳಲ್ಲವಲ್ಲ, ಬಿಂಬವನ್ನು ಚೂರು ಹರಡಿ ತಗ್ಗನ್ನು ತುಂಬುತ್ತವೆ.

ಮಿತಿ ದಾಟಿದ ಕೂಡಲೇ ಎಲ್ಲ ಒಂದಾಗುವುದಿಲ್ಲ. ಲೆಕ್ಕದಲ್ಲಿ ತಗ್ಗು ಪೂರ್ತಿ ಮಾಯವಾಗುವುದು 0.947 λ/D ಕೋನದಲ್ಲಿ, ಅಂದರೆ ನನ್ನ ತೂತಿಗೆ 3 ಮೀಟರ್ ಹತ್ತಿರ. 2.7 ಮೀಟರಿನಲ್ಲಿ ತೆಗೆದ ರಾ ಚಿತ್ರದಲ್ಲಿ ತಗ್ಗು ತೆಳ್ಳಗೆ ಇನ್ನೂ ಇತ್ತು. 3.2ಕ್ಕೆ ಹೋದಾಗ ಉಳಿದದ್ದು ಸ್ವಲ್ಪ ಉದ್ದವಾದ ಒಂದೇ ಶಿಖರ.